ಆ ಹುಡುಗಿಗೆ ಹೇಗೆ ಗೊತ್ತಾಯಿತು?

ಚಿಕ್ಕಮಗಳೂರು
18 ನವೆಂಬರ್ 2025, ಮಂಗಳವಾರ

ಪ್ರಕಟಣೆಗೆ ಕಾದಂಬರಿ ಕೊಟ್ಟಿದ್ದ ಮೇಷ್ಟ್ರಿಗೆ ಹೋದ ವಾರ ಕೊನೆಗೂ ಪತ್ರ ಕಳಿಸಿದ್ದೆ. ಮೂರು ಸಲ ಬರೆದು ಹರಿದಿದ್ದೆ. ಮೂರರಲ್ಲೂ ‘ಕಾದಂಬರಿ ಇನ್ನೂ ಬಿಗಿಯಾಗಬೇಕು’ ಅಂತಿತ್ತು. ಬಿಗಿ ಅಂದರೆ ಎಲ್ಲಿ? ಹಾಗೆ ಬರೆದರೆ ಅವರು ಪಾಪ ವಾಕ್ಯಗಳನ್ನು ತಿದ್ದುತ್ತಾ ಕೂರುತ್ತಾರೆ. ಆರು ತಿಂಗಳಾದ ಮೇಲೆ ಅದೇ ಕಾದಂಬರಿ ಮತ್ತೆ ನನ್ನ ಮೇಜಿಗೆ ಬರುತ್ತದೆ.

ಕಥೆ ಹೇಳುವವಳು 10 ವರ್ಷದ ಹುಡುಗಿ. ಮೊದಲ 60 ಪುಟ ಎಷ್ಟು ಚೆನ್ನಾಗಿದೆ! ಕಣದಲ್ಲಿ ಒಣಗಲು ಹಾಕಿದ ಕಾಫಿ ಅವಳ ಬರಿಗಾಲಿಗೆ ಒತ್ತುವುದು ನಮಗೂ ಒತ್ತುತ್ತದೆ. ಒಂಬತ್ತನೇ ಅಧ್ಯಾಯದಲ್ಲಿ ಅಪ್ಪ ಪೇಟೆಯ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ತೋಟ ಅಡವಿಡುತ್ತಾನೆ. ಹುಡುಗಿ ಜ್ವರ ಬಂದು ಮನೆಯಲ್ಲಿ ಮಲಗಿದ್ದಾಳೆ. ಆದರೂ ಅಪ್ಪನ ಕೈ ನಡುಗಿದ್ದು, ಅವನ ಮನಸ್ಸಿಗೆ ಬಂದದ್ದು, ಎಲ್ಲ ಅವಳೇ ಹೇಳುತ್ತಾಳೆ. ಅಲ್ಲಿಂದ ಮುಂದೆ ನನಗೆ ಅವಳ ಮಾತಿನ ಮೇಲೆ ನಂಬಿಕೆ ಹೋಯಿತು.

ಪತ್ರದಲ್ಲಿ ಎರಡು ದಾರಿ ಬರೆದೆ. ದೊಡ್ಡವಳಾದ ಮೇಲೆ ನೆನಪಿಸಿಕೊಂಡು ಹೇಳುತ್ತಿದ್ದರೆ, ‘ಇದನ್ನು ಚಿಕ್ಕಪ್ಪ ಆಮೇಲೆ ಹೇಳಿದ್ದು’ ಅನ್ನಬಹುದು. ಆದರೆ ಆ ದೊಡ್ಡ ಹೆಂಗಸು ಮೊದಲ ಪುಟದಲ್ಲೇ ಇರಬೇಕು, ಒಂದು ಸಾಲಾದರೂ. ಇಲ್ಲದಿದ್ದರೆ ಕಚೇರಿಯ ದೃಶ್ಯವೇ ಬೇಡ. ಅಪ್ಪ ಸಂಜೆ ಬಸ್ಸಿಳಿದು ಬರಲಿ. ಎಡಗೈ ಹೆಬ್ಬೆರಳಲ್ಲಿ ಶಾಯಿ ಇರಲಿ. ದಿನಾ ಪೇಪರ್ ಓದುವ ಅಪ್ಪ ಹೆಬ್ಬೆಟ್ಟು ಯಾಕೆ ಒತ್ತಿದ ಅಂತ ಅವಳು ಯೋಚಿಸಲಿ. ಪತ್ರ ನೋಂದಾಯಿಸುವಾಗ ಸಹಿ ಬರುವವರೂ ಹೆಬ್ಬೆಟ್ಟು ಒತ್ತಬೇಕು ಅಂತ ಅವಳಿಗೇನು ಗೊತ್ತು? ಓದುವವರಿಗೆ ಗೊತ್ತಿರುತ್ತದೆ, ಅಷ್ಟು ಸಾಕು.

ಇನ್ನೊಂದು ತಪ್ಪು ಸಣ್ಣದು. ಅಕ್ಕನ ಮದುವೆ ಹೊತ್ತಿಗೆ ತೋಟವೆಲ್ಲ ಬೆಳ್ಳಗೆ ಹೂವು. ಮೂರೇ ತಿಂಗಳಿಗೆ ಹಣ್ಣು ಕುಯ್ಲು. ಅರೇಬಿಕಾಕ್ಕೇ ಎಂಟೊಂಬತ್ತು ತಿಂಗಳು ಬೇಕು, ರೋಬಸ್ಟಾಕ್ಕೆ ಇನ್ನೂ ಜಾಸ್ತಿ. ತೋಟದ ಪಕ್ಕದಲ್ಲೇ ಹುಟ್ಟಿ ಬೆಳೆದ ಮೇಷ್ಟ್ರು ಹೀಗೆ ಬರೆದರಲ್ಲ ಅಂತ ಆಶ್ಚರ್ಯವಾಗಿತ್ತು.

ಇವತ್ತು ಸಂಜೆ ಅವರದ್ದೇ ಫೋನ್. “ಮೊದಲು ಮದುವೆ ಮಳೆಗಾಲದ ಕೊನೆಯಲ್ಲಿತ್ತು ಸಾರ್. ಹೂವಿನ ಆಸೆಗೆ ಹಿಂದಕ್ಕೆ, ಬೇಸಿಗೆಗೆ ತಂದೆ. ಮುಂದಿನದನ್ನು ಸರಿಸೋದು ಮರೆತುಹೋಯ್ತು.”

ಅದಕ್ಕೇ ಅಲ್ವಾ ನಾನು ಒಂದು ಹಾಳೆ ಮಾಡಿಕೊಳ್ಳಿ ಅಂತ ಬರೆದದ್ದು. ಅಧ್ಯಾಯಕ್ಕೆ ಒಂದೇ ಸಾಲು: ಯಾವ ತಿಂಗಳು, ಏನಾಯಿತು, ಅದು ಹುಡುಗಿಗೆ ಹೇಗೆ ಗೊತ್ತಾಯಿತು. ಕೊನೆಯದಕ್ಕೆ ಉತ್ತರ ಸಿಗದ ಅಧ್ಯಾಯ ಮಾತ್ರ ಹೊಸದಾಗಿ ಬರೆಯಿರಿ. ಭಾಷೆ ಈಗ ಮುಟ್ಟಬೇಡಿ, ಹೇಗೂ ಬಿದ್ದುಹೋಗುವ ಪುಟಕ್ಕೆ ಅಷ್ಟು ಕಷ್ಟ ಯಾಕೆ.

“ಹಾಳೆ ಮಾಡಿದೆ ಸಾರ್. ಏಳು ಅಧ್ಯಾಯಕ್ಕೆ ಉತ್ತರ ಇಲ್ಲ,” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. “ತಿದ್ದಿ ಕೊಟ್ಟರೆ ತಗೊಳ್ತೀರಾ?”

ಮತ್ತೆ ಪೂರ್ತಿ ಓದುತ್ತೇನೆ ಅಂದೆ. ತಗೊಳ್ಳುತ್ತೇನೆ ಅಂತ ಹೇಳಲಿಲ್ಲ, ಹೇಳಬಾರದು ಕೂಡ. ಆದರೆ ಫೋನ್ ಇಟ್ಟಾಗಿಂದ ಆ ಹೆಬ್ಬೆರಳ ಶಾಯಿಯದೇ ಯೋಚನೆ. ಅದು ನನ್ನ ಕಲ್ಪನೆ, ಅವರದ್ದಲ್ಲ. ಅವರು ಅದನ್ನೇ ಬರೆದುಬಿಟ್ಟರೆ?