ಸಮೀಕ್ಷೆಯ ಮಾರ್ಗ ಹಾಕುವ ಮೊದಲು ಜಂಕ್ಷನ್ ಎಣಿಸುವುದನ್ನು ಕಲಿತದ್ದು

ವಾಹನಕ್ಕೆ ಕ್ಯಾಮೆರಾ ಕಟ್ಟಿ ಬಡಾವಣೆಯ ರಸ್ತೆಗಳ ಸ್ಥಿತಿಯನ್ನು ದಾಖಲಿಸುವ ಕೆಲಸದಲ್ಲಿ, ವಾಹನ ಯಾವ ಕ್ರಮದಲ್ಲಿ ಸಾಗಬೇಕೆಂದು ನಕ್ಷೆಯಲ್ಲಿ ಗುರುತಿಸಿಕೊಡುವುದು ನನ್ನ ಪಾಲಿಗೆ ಬಂದಿತ್ತು. ರಸ್ತೆಗಳು ಕಿರಿದಾಗಿದ್ದು ಎರಡೂ ದಿಕ್ಕಿನ ಸಂಚಾರವಿದ್ದುದರಿಂದ ಪ್ರತಿ ರಸ್ತೆಯಲ್ಲಿ ಒಮ್ಮೆ ಹೋದರೆ ಸಾಕಾಗುತ್ತಿತ್ತು. "ಸಾರ್, ಒಂದ್ಸಲ ಹೋದ ರೋಡಿಗೆ ಮತ್ತೆ ಹೋಗದ ಹಾಗೆ ಹಾಕಿಕೊಡಿ" ಎಂದು ಚಾಲಕರು ಕೇಳಿದರು. ನ್ಯಾಯವಾದ ಬೇಡಿಕೆಯೇ. ನಾನು ಎರಡು ದಿನ ಪೆನ್ಸಿಲ್ ಹಿಡಿದು ಮಾರ್ಗ ಎಳೆದೆ, ಅಳಿಸಿದೆ, ಮತ್ತೆ ಎಳೆದೆ. ಪ್ರತಿ ಸಲವೂ ಒಂದೆರಡು ರಸ್ತೆ ಉಳಿದುಬಿಡುತ್ತಿತ್ತು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಹಾಳೆಯನ್ನು ನೋಡಿ, "ಮಾರ್ಗ ಆಮೇಲೆ ಹುಡುಕಿ, ಮೊದಲು ಒಂದೊಂದು ಜಂಕ್ಷನ್‌ಗೆ ಎಷ್ಟು ರಸ್ತೆ ಸೇರುತ್ತವೆ ಎಂದು ಬರೆಯಿರಿ" ಎಂದರು.

ಬಿಂದುಗಳನ್ನೂ ಅವನ್ನು ಕೂಡಿಸುವ ಗೆರೆಗಳನ್ನೂ ಕುರಿತ ಗಣಿತವಾದ ಗ್ರಾಫ್ ಸಿದ್ಧಾಂತದಲ್ಲಿ ಆ ಸಂಖ್ಯೆಗೇ ಡಿಗ್ರಿ ಎನ್ನುತ್ತಾರೆ. ವಾಹನವು ಒಂದು ಜಂಕ್ಷನ್ ಅನ್ನು ಹಾದುಹೋದಾಗಲೆಲ್ಲ ಒಂದು ರಸ್ತೆಯಿಂದ ಬಂದು ಇನ್ನೊಂದರಿಂದ ಹೊರಡುತ್ತದೆ, ಅಂದರೆ ಅಲ್ಲಿನ ರಸ್ತೆಗಳು ಎರಡೆರಡಾಗಿ ಮುಗಿಯುತ್ತವೆ. ಆದ್ದರಿಂದ ಬೆಸ ಸಂಖ್ಯೆಯ ರಸ್ತೆಗಳು ಸೇರುವ ಜಂಕ್ಷನ್ ಪಯಣದ ಆರಂಭವಾಗಿರಬೇಕು, ಇಲ್ಲವೇ ಕೊನೆಯಾಗಿರಬೇಕು. ನಡುವೆ ಮಾತ್ರ ಬಂದುಹೋಗಲು ಅದಕ್ಕೆ ಸಾಧ್ಯವಿಲ್ಲ. ಎಲ್ಲ ರಸ್ತೆಗಳೂ ಒಂದಕ್ಕೊಂದು ಕೂಡಿಕೊಂಡಿದ್ದು ಬೆಸ ಜಂಕ್ಷನ್ ಒಂದೂ ಇಲ್ಲದಿದ್ದರೆ ಎಲ್ಲಿಂದ ಬೇಕಾದರೂ ಹೊರಟು ಅಲ್ಲಿಗೇ ಮರಳಬಹುದು. ಎರಡಿದ್ದರೆ ಒಂದರಲ್ಲಿ ಹೊರಟು ಇನ್ನೊಂದರಲ್ಲಿ ನಿಲ್ಲಬೇಕು. ಅದಕ್ಕಿಂತ ಹೆಚ್ಚಿದ್ದರೆ ಎಷ್ಟು ಹುಡುಕಿದರೂ ಮಾರ್ಗ ಸಿಗದು. ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನೂ ಒಂದೊಂದೇ ಸಲ ದಾಟಿ ಸುತ್ತಬಹುದೇ ಎಂಬ ಪ್ರಶ್ನೆಗೆ 1736ರಲ್ಲಿ ಗಣಿತಜ್ಞ ಆಯ್ಲರ್ ಹೇಳಿದ್ದೂ ಇದನ್ನೇ. ಅಲ್ಲಿನ ದ್ವೀಪಕ್ಕೆ ಐದು ಸೇತುವೆ, ಉಳಿದ ಮೂರು ಭೂಭಾಗಗಳಿಗೆ ಮೂರು ಮೂರು, ನಾಲ್ಕೂ ಬೆಸ.

ನನ್ನನ್ನು ಕಾಡಿದ ಭಾಗ ಬಹಳ ಚಿಕ್ಕದು. ಉತ್ತರ–ದಕ್ಷಿಣವಾಗಿ ಮೂರು ಮೇನ್, ಪೂರ್ವ–ಪಶ್ಚಿಮವಾಗಿ ಮೂರು ಕ್ರಾಸ್, ಒಟ್ಟು ಒಂಬತ್ತು ಜಂಕ್ಷನ್. ಮೇಲಿನ ಸಾಲಿಗೆ 1, 2, 3, ನಡುವಿನ ಸಾಲಿಗೆ 4, 5, 6, ಕೆಳಗಿನ ಸಾಲಿಗೆ 7, 8, 9 ಎಂದು ಸಂಖ್ಯೆ ಕೊಟ್ಟೆ. ನಾಲ್ಕು ಮೂಲೆಗಳಲ್ಲಿ ಡಿಗ್ರಿ 2, ನಟ್ಟನಡುವಿನ 5ರಲ್ಲಿ 4, ಆದರೆ 2, 4, 6, 8ರಲ್ಲಿ 3. ಎಲ್ಲವನ್ನೂ ಕೂಡಿದರೆ 24 ಬರುತ್ತದೆ. ಪ್ರತಿ ರಸ್ತೆತುಂಡಿಗೆ ಎರಡು ತುದಿ ಇರುವುದರಿಂದ ಇದು 12 ತುಂಡುಗಳ ಇಮ್ಮಡಿಯೇ ಆಗಬೇಕು, ಹಾಗೆಯೇ ಆಗಿದೆ. (ಇದೇ ಕಾರಣಕ್ಕೆ ಬೆಸ ಜಂಕ್ಷನ್‌ಗಳ ಸಂಖ್ಯೆ ಎಂದೂ ಬೆಸವಾಗುವುದಿಲ್ಲ, ಮೂರು ಬಂದರೆ ಎಣಿಕೆ ತಪ್ಪಿದೆ ಎಂದೇ ಅರ್ಥ.) ಬೆಸ ಜಂಕ್ಷನ್‌ಗಳು ನಾಲ್ಕು. ಎರಡು ದಿನ ನಾನು ಹುಡುಕಿದ್ದು ಇಲ್ಲದ ಮಾರ್ಗವನ್ನು.

ಆಗ ಪ್ರಶ್ನೆಯೇ ಬದಲಾಯಿತು: ಯಾವ ರಸ್ತೆಯಲ್ಲಿ ಎರಡನೆಯ ಸಲ ಹೋದರೆ ನಷ್ಟ ಕಡಿಮೆ? ಎರಡು ಬೆಸ ಜಂಕ್ಷನ್‌ಗಳ ನಡುವಿನ ದಾರಿಯಲ್ಲಿ ಇನ್ನೊಮ್ಮೆ ಸಾಗಿದರೆ ಆ ಎರಡರಲ್ಲೂ ಒಂದೊಂದು ಹೆಚ್ಚಿ ಅವು ಸಮವಾಗುತ್ತವೆ, ನಡುವಿನ ಜಂಕ್ಷನ್‌ಗಳಲ್ಲಿ ಎರಡೆರಡು ಹೆಚ್ಚುವುದರಿಂದ ಅವುಗಳ ಸಮ–ಬೆಸ ಬದಲಾಗದು. ಕ್ರಾಸ್‌ನ ಪ್ರತಿ ತುಂಡು 100 ಮೀಟರ್, ಮೇನ್‌ನ ತುಂಡು 60 ಮೀಟರ್ ಇದ್ದುದರಿಂದ ಒಟ್ಟು ಉದ್ದ 960 ಮೀಟರ್. 2ರಿಂದ 8ಕ್ಕೆ 5ರ ಮೂಲಕ 120 ಮೀಟರ್, 4ರಿಂದ 6ಕ್ಕೆ 200 ಮೀಟರ್, 2ರಿಂದ 4ಕ್ಕೆ 160 ಮೀಟರ್. ಎಲ್ಲಕ್ಕಿಂತ ಹತ್ತಿರದ ಜೋಡಿ 2 ಮತ್ತು 8. ಅವುಗಳ ನಡುವಿನ ದಾರಿಯನ್ನು ಎರಡು ಸಲ ಬಳಸಿದರೆ ಬೆಸವಾಗಿ ಉಳಿಯುವುದು 4 ಮತ್ತು 6 ಮಾತ್ರ. 4ರಲ್ಲಿ ಹೊರಟು 6ರಲ್ಲಿ ಮುಗಿಸಬಹುದು. ಮಾರ್ಗ ಹೀಗಿದೆ:

```
4-1-2-5-8-7-4-5-2-3-6-9-8-5-6
```

ಇದು 1080 ಮೀಟರ್. ಹೊರಟ ಜಾಗಕ್ಕೇ ಮರಳಬೇಕೆಂದಿದ್ದರೆ 4 ಮತ್ತು 6ನ್ನೂ ಜೋಡಿಸಬೇಕಾಗಿ 1280 ಮೀಟರ್ ಆಗುತ್ತಿತ್ತು. ಪೂರ್ವದ ತುದಿಯಿಂದಲೇ ಮುಂದಿನ ಭಾಗಕ್ಕೆ ಹೋಗಬೇಕಾಗಿದ್ದರಿಂದ ಚಾಲಕರಿಗೆ ಮೊದಲನೆಯದೇ ಅನುಕೂಲವಾಯಿತು.

ಇಡೀ ಬಡಾವಣೆಗೆ ಇದನ್ನೇ ಕಂಪ್ಯೂಟರಿನಲ್ಲಿ ಮಾಡಿದಾಗ ನನ್ನದೊಂದು ತಪ್ಪು ಹೊರಬಿತ್ತು. ಮೇನ್ ರಸ್ತೆಗೆ ಸೇರುವ ಒಂದು ಕ್ರಾಸ್‌ನ ಗೆರೆ ನಕ್ಷೆಯಲ್ಲಿ ಗೇಣಿನಷ್ಟು ಮೊದಲೇ ನಿಂತಿತ್ತು. ಕಣ್ಣಿಗೆ ಅದು ಕೂಡಿದಂತೆಯೇ ಕಾಣುತ್ತಿತ್ತು, ಲೆಕ್ಕಕ್ಕೆ ಮಾತ್ರ ಅದು ಮುಂದೆ ದಾರಿಯಿಲ್ಲದ ರಸ್ತೆ. ವಾಹನ ಆ ಕ್ರಾಸ್‌ಗೆ ಹೋಗಿ ತಿರುಗಿ ಬರುವಂತೆ ಮಾರ್ಗ ಸಿದ್ಧವಾಯಿತು. "ಇಲ್ಲಿ ಮೇನ್‌ಗೆ ದಾರಿ ಇದೆಯಲ್ಲ ಸಾರ್" ಎಂದು ಚಾಲಕರು ಫೋನ್ ಮಾಡಿದಾಗಲೇ ನನಗೆ ತಿಳಿದದ್ದು. ಮೊತ್ತದ ಪರೀಕ್ಷೆ ಇದನ್ನು ಹಿಡಿಯಲಿಲ್ಲ, ಹಿಡಿಯುವಂತೆಯೂ ಇರಲಿಲ್ಲ. ಡಿಗ್ರಿ 3 ಇದ್ದ ಜಂಕ್ಷನ್ ಮಾಯವಾಗಿ ಅದರ ಬದಲು ಡಿಗ್ರಿ 1 ಇರುವ ತುದಿ ಬಂದಿತ್ತು, ಎರಡೂ ಬೆಸವೇ ಆದ್ದರಿಂದ ಬೆಸಗಳ ಸಂಖ್ಯೆ ಇದ್ದಷ್ಟೇ ಇತ್ತು. ಈಗ ಮಾರ್ಗಕ್ಕೆ ಕೈಹಾಕುವ ಮೊದಲು ಡಿಗ್ರಿ 1 ಇರುವ ತುದಿಗಳನ್ನು ಬೇರೆ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಗೋಡೆಯಿದೆಯೋ ರಸ್ತೆಯಿದೆಯೋ ಎಂದು ಉಪಗ್ರಹ ಚಿತ್ರದಲ್ಲಿ ನೋಡುತ್ತೇನೆ, ಅಲ್ಲಿ ಮರದ ನೆರಳು ಅಡ್ಡ ಬಂದರೆ ಸ್ಥಳಕ್ಕೇ ಹೋಗಿ ನೋಡಿ ಬರುತ್ತೇನೆ.