ಮೇಸ್ತ್ರಿ ಒಂಬತ್ತನೇ ಅಧ್ಯಾಯದಲ್ಲೇ ಹೋಗಿದ್ದು ಯಾಕೆ

"ಅಲ್ಲಾ ಅಕ್ಕ, ಅಷ್ಟು ಒಳ್ಳೆ ಮೇಸ್ತ್ರಿನ ಅರ್ಧಕ್ಕೇ ಊರಿಗೆ ಕಳಿಸಿಬಿಟ್ರಲ್ಲ, ಅದರ ಬದ್ಲು ಸಾಯಿಸಿಬಿಡ್ಬೋದಿತ್ತಲ್ವಾ?"

ನನ್ನ ಕಾದಂಬರಿ ಬಗ್ಗೆ ಒಬ್ಬ ಹುಡುಗ ಹೀಗೆ ಕೇಳಿದ. ಕಾಫಿ ತೋಟ ನಡೆಸೋದನ್ನ ಕಲಿಯೋ ಒಂದು ಹುಡುಗಿ, ಅವಳಿಗೆ ಕಲಿಸೋ ಗುರು ಅಂದ್ರೆ ತೋಟದ ಕೆಲಸ ಮಾಡಿಸೋ ಮೇಸ್ತ್ರಿ, ಇವರಿಬ್ಬರ ಕಥೆ ಅದು. ಸಾಯಿಸಿದ್ದೆ. ಎರಡು ಸಲ ಸಾಯಿಸಿದ್ದೆ, ಎರಡು ಸಲನೂ ಕಥೆ ಕೆಟ್ಟೋಯ್ತು.

ಮೊದಲನೇ ಸಲ ಬರೆದಾಗ ನಾಲ್ಕನೇ ಅಧ್ಯಾಯದಲ್ಲಿ ಅವನನ್ನ ಆನೆ ತುಳೀತು. ಓದಿದ ನನ್ನ ಚಿಕ್ಕಮ್ಮ ಅತ್ತುಬಿಟ್ರು, ನಾನೂ ಖುಷಿಪಟ್ಟೆ. ಆದ್ರೆ ಐದನೇ ಅಧ್ಯಾಯದಲ್ಲಿ ಆ ಹುಡುಗಿ ಮಾಡೋ ಒಂದೊಂದು ಕೆಲಸನೂ ಮೇಸ್ತ್ರಿ ಬದುಕಿದ್ರೂ ಹಾಗೇ ಮಾಡ್ತಿದ್ಲು. ಅವಳಿಗೆ ಆಗಿನ್ನೂ ಗಿಡದ ಚಿಗುರು ತೆಗೆಯೋದಷ್ಟೇ ಗೊತ್ತು, ಅವನಿಲ್ಲದೆ ಏನನ್ನಾದ್ರೂ ತೀರ್ಮಾನ ಮಾಡೋ ಸ್ಥಿತೀಲೇ ಇರ್ಲಿಲ್ಲ. ಸಾವಿಂದ ದುಃಖ ಬಂತೇ ಹೊರತು ಕಥೆ ಒಂದು ಹೆಜ್ಜೆನೂ ಮುಂದೆ ಹೋಗ್ಲಿಲ್ಲ. ಎರಡನೇ ಸಲ ಇಪ್ಪತ್ತೆರಡು ಅಧ್ಯಾಯದಲ್ಲಿ ಹತ್ತೊಂಬತ್ತನೇದ್ರಲ್ಲಿ ಅವನು ಕರಿಮೆಣಸು ಕೊಯ್ಯೋವಾಗ ಏಣಿಯಿಂದ ಬಿದ್ದ. ಉಳಿದಿದ್ದು ಮೂರೇ ಅಧ್ಯಾಯ ಆದ್ದರಿಂದ ಅಷ್ಟು ದಿನ ಅವನ ಬೆನ್ನ ಹಿಂದೆ ನಡೀತಿದ್ದ ಹುಡುಗಿ ನಾಲ್ಕು ಪುಟದಲ್ಲಿ ತೋಟದ ಯಜಮಾನಿ ಆಗಿಬಿಟ್ಲು, ಯಾರು ನಂಬ್ತಾರೆ, ನಾನೇ ನಂಬ್ಲಿಲ್ಲ.

ಇದನ್ನೆಲ್ಲ ಗೋಣಿಕೊಪ್ಪದ ಒಂದು ಮದುವೆ ಮನೇಲಿ ಊಟದ ತಟ್ಟೆ ಹಿಡ್ಕೊಂಡು ನಿಂತು ಹೇಳಕ್ಕೆ ಹೋದೆ. ಕೇಳಿದ ಹುಡುಗನೂ ಒಂದು ಕಾದಂಬರಿ ಬರೀತಿದ್ದಾನಂತೆ, "ಹಾಗಾದ್ರೆ ನಮ್ಮ ಗುರುನ ಎಷ್ಟನೇ ಪುಟದಲ್ಲಿ ಎತ್ಬೇಕು ಹೇಳಿ ಸಾಕು" ಅಂದ. ನನಗೆ ಸಿಟ್ಟು ಬಂದಿದ್ದು ಆ 'ಎತ್ಬೇಕು' ಅನ್ನೋ ಮಾತಿಗೆ. ಗುರು ಅಂದ್ರೆ ದಾರಿಗೆ ಅಡ್ಡ ಬಿದ್ದ ಮರನಾ, ಎತ್ತಿ ಪಕ್ಕಕ್ಕಿಟ್ರೆ ಜೀಪು ತಾನಾಗೇ ಮುಂದಕ್ಕೆ ಹೋಗಕ್ಕೆ?

ಗುರು ಹೋದ ತಕ್ಷಣ ಶಿಷ್ಯ ಬೆಳೀತಾನೆ ಅನ್ನೋದೇ ಸುಳ್ಳು. ಮಹಾಭಾರತದ ಮೌಸಲ ಪರ್ವ ನೋಡಿ. ಕೃಷ್ಣ ಹೋದ ಮೇಲೆ ಅರ್ಜುನ ದ್ವಾರಕೆಯ ಹೆಂಗಸರನ್ನ ಕರ್ಕೊಂಡು ಬರ್ತಿರ್ತಾನೆ, ದಾರೀಲಿ ದರೋಡೆಕೋರರು ಬೀಳ್ತಾರೆ, ಗಾಂಡೀವಕ್ಕೆ ಹೆದೆ ಏರಿಸೋದೇ ಅವನಿಗೆ ಕಷ್ಟ ಆಗುತ್ತೆ, ಅಸ್ತ್ರಗಳು ನೆನಪಿಗೇ ಬರಲ್ಲ. ಕುರುಕ್ಷೇತ್ರ ಗೆದ್ದವನು ದೊಣ್ಣೆ ಹಿಡಿದವರ ಮುಂದೆ ಸೋಲ್ತಾನೆ. ನಾನು ಅದನ್ನ ಓದೋದು ಹೀಗೆ: ಕೃಷ್ಣ ಬಹಳ ತಡವಾಗಿ ಹೋದ, ಅಷ್ಟರಲ್ಲಿ ಅರ್ಜುನನ ಪಾಲಿನ ತೀರ್ಮಾನ ಎಲ್ಲಾ ಅವನೇ ಮಾಡಿ ಮುಗಿಸಿದ್ದ. ಅಲ್ಲಿ ಅದು ಸರಿ, ಯಾಕಂದ್ರೆ ಆ ಕಥೆ ಮುಗೀತಾ ಬಂದಿದೆ, ಎಲ್ಲರೂ ಕಳ್ಕೊಳ್ಳೋ ಹೊತ್ತು. ಬೆಳೆಯೋ ಹುಡುಗಿ ಕಥೆಗೆ ಅದು ಆಗಲ್ಲ.

ಹಾಗಾಗಿ ಮೂರನೇ ಸಲ ಬರೆಯೋ ಮುಂಚೆ ಒಂದು ಕೆಲಸ ಮಾಡಿದೆ. ಕೆಂಪು ಪೆನ್ನು ತಗೊಂಡು ಹುಡುಗಿ ಮೇಸ್ತ್ರಿನ ಏನೇನು ಕೇಳ್ತಾಳೆ ಅನ್ನೋದಕ್ಕೆಲ್ಲ ಅಡಿಗೆರೆ ಹಾಕ್ಕೊಂಡು ಹೋದೆ. ಮೊದಲ ಐದಾರು ಅಧ್ಯಾಯದಲ್ಲಿ ಕೇಳೋದೆಲ್ಲ ಗೊತ್ತಿಲ್ಲದೆ ಕೇಳೋದು. ಎಂಟನೇ ಅಧ್ಯಾಯಕ್ಕೆ ಬಂದಾಗ ಅವಳು ರೋಬಸ್ಟಾ ಕಾಫಿ ಗಿಡದ ಮೊಗ್ಗನ್ನ ಬೆರಳಲ್ಲಿ ಒತ್ತಿ ನೋಡಿ, ಕೆರೆ ನೀರು ನೋಡಿ, ಎಲ್ಲಾ ಲೆಕ್ಕ ಮನಸ್ಸಲ್ಲೇ ಹಾಕ್ಕೊಂಡು, ಆಮೇಲೂ "ಮೇಸ್ತ್ರಿ, ಇವತ್ತು ಪಂಪ್ ಇಡ್ಸೋಣ್ವಾ?" ಅಂತಾಳೆ. ಉತ್ತರ ಅವಳಿಗೆ ಗೊತ್ತು, ಓದೋರಿಗೂ ಗೊತ್ತು. ಅದು ಒಪ್ಪಿಗೆ ಕೇಳೋದು. ಆ ಗೆರೆ ಹಾಕ್ದಾಗಲೇ ನನಗೆ ಜಾಗ ಸಿಕ್ಕಿದ್ದು. ಅಲ್ಲಿಂದ ಒಂದೋ ಎರಡೋ ಅಧ್ಯಾಯದೊಳಗೆ ಅವನ ಮಾತು ಕೈಕೊಡ್ಬೇಕು. ಅದಕ್ಕಿಂತ ಮುಂಚೆ ಕೈಕೊಟ್ರೆ ಅವಳು ಅನಾಥೆ ಆಗ್ತಾಳೆ, ತುಂಬಾ ಆಮೇಲೆ ಕೊಟ್ರೆ ಕೇಳಿ ಕೇಳಿ ಮಾಡೋದೇ ಅವಳ ಸ್ವಭಾವ ಆಗಿಬಿಟ್ಟಿರುತ್ತೆ.

ಇನ್ನು ಹೇಗೆ ಸೋಲ್ತಾನೆ ಅನ್ನೋದು. ಕಾಫಿ ಬೆಳೆಯೋರಿಗೆ ಇದು ಹೇಳ್ಬೇಕಾಗಿಲ್ಲ, ಬೇರೆಯವರಿಗೆ ಹೇಳ್ತೀನಿ. ಫೆಬ್ರವರಿ ಮಾರ್ಚಲ್ಲಿ ರೋಬಸ್ಟಾ ಮೊಗ್ಗು ಕಾಯ್ತಾ ಇರುತ್ತೆ, ಸುಮಾರು ಒಂದಿಂಚು ಹೂಮಳೆ ಬಂದ್ರೆ ವಾರ ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತೆ. ನಮ್ಮಲ್ಲಿ ಮಳೆ ಅಳೆಯೋದು ಸೆಂಟಲ್ಲಿ, ನೂರು ಸೆಂಟ್ ಅಂದ್ರೆ ಒಂದಿಂಚು. ಕಷ್ಟ ಬರೋದು ಮಳೆ ಬರದಿದ್ದಾಗ ಅಲ್ಲ, ಇಪ್ಪತ್ತೋ ಮೂವತ್ತೋ ಸೆಂಟ್ ಬಂದು ನಿಂತಾಗ. ಮೊಗ್ಗು ಎದ್ದುಬಿಡುತ್ತೆ, ಪೂರ್ತಿ ಅರಳಕ್ಕೆ ನೀರು ಸಾಲಲ್ಲ, ತಕ್ಷಣ ಸ್ಪ್ರಿಂಕ್ಲರ್ ಹಾಕಿ ಬಾಕಿ ನೀರು ಕೊಡದಿದ್ರೆ ಕಾಯಿ ಕಟ್ಟದೆ ಹಾಳಾಗುತ್ತೆ. ಒಂದು ಎಕರೆಗೆ ಒಂದಿಂಚು ನೀರು ಅಂದ್ರೆ ಒಂದು ಲಕ್ಷ ಲೀಟರ್ ಹತ್ರ ಬೇಕು. ನನ್ನ ಕಥೆಯ ತೋಟ ಹತ್ತೆಕರೆ, ಕೆರೇಲಿರೋ ನೀರು ಒಂದೇ ಸುತ್ತಿಗೆ ಸಾಕಾಗುವಷ್ಟು.

ಮೂವತ್ತು ಸೆಂಟ್ ಬಿದ್ದ ಮಾರನೇ ಬೆಳಿಗ್ಗೆ ಮೇಸ್ತ್ರಿ ಹೇಳ್ತಾನೆ, "ಪಂಪ್ ಬೇಡ ಅಮ್ಮಾ, ಎರಡು ದಿನ ತಡೀರಿ, ದೊಡ್ಡ ಮಳೆ ಇದೆ. ನೀರು ಈಗಲೇ ಖಾಲಿ ಮಾಡಿದ್ರೆ ಹೂವಾದ ಮೇಲೆ ಎರಡನೇ ಮಳೆ ಬರದಿದ್ರೆ ಏನು ಕೊಡ್ತೀರಿ?" ಇದು ದಡ್ಡರ ಮಾತಲ್ಲ. ಮೂರನೇ ಅಧ್ಯಾಯದಲ್ಲಿ ಇದೇ ಗಾಳಿ, ಇದೇ ಇರುವೆ ಸಾಲು ನೋಡಿ ಇದೇ ಮಾತು ಹೇಳಿದ್ದ, ಸಂಜೆಗೆ ಮಳೆ ಬಂದು ತೋಟ ಉಳಿದಿತ್ತು. ಅವನನ್ನ ಇಷ್ಟು ದಿನ ಗೆಲ್ಲಿಸಿದ್ದೇ ಈಗ ಸೋಲಿಸ್ಬೇಕು, ಇದು ನನಗೆ ಬಹಳ ಮುಖ್ಯ. ಕುಡಿದು ಮಲಗಿದ್ದ, ಮಾಲೀಕರಿಗೆ ಮೋಸ ಮಾಡ್ದ ಅಂತ ಬರೆದಿದ್ರೆ ಹುಡುಗಿಗೆ ಅವನನ್ನ ಬಿಡೋದು ಸುಲಭ ಆಗ್ತಿತ್ತು, ಬಿಟ್ಟು ಏನೂ ಕಲೀತಿರ್ಲಿಲ್ಲ.

ಅವಳು ಬಾಯಿ ಮುಚ್ಕೊಂಡು ತಡೀತಾಳೆ. ಮಳೆ ಬರಲ್ಲ. ನಾಲ್ಕನೇ ದಿನಕ್ಕೆ ಬಿಸಿಲಿಗೆ ಬಿದ್ದಿರೋ ಕೆಳಗಿನ ಆರೆಕರೆ ಹೋಗುತ್ತೆ. ಮೇಲಿನ ನಾಲ್ಕೆಕರೆ ನೆರಳು ಜಾಸ್ತಿ, ಅಲ್ಲಿ ಇನ್ನೂ ಒಂದು ದಿನ ಇದೆ. ಅವಳು ಕೆಲಸದವರ ಲೈನ್ ಮನೆಗೆ ಹೋಗಿ ಅವನ ಮುಂದೆ ನಿಲ್ತಾಳೆ, ಅವನು ತಲೆ ಎತ್ತಲ್ಲ, ಅವತ್ತೇ ಹೊರಟುಬಿಡ್ತಾನೆ.

ನನ್ನನ್ನ ಯಾರಾದ್ರೂ ಕೇಳ್ಬೇಕಿದ್ದ ಪ್ರಶ್ನೆ ಇಲ್ಲಿದೆ: ಅವನು ಏನನ್ನ ಕಲಿಸದೆ ಹೋದ? ಇದನ್ನ ಒಬ್ಬರೂ ಕೇಳಿಲ್ಲ. ಮೊಗ್ಗು ನೋಡೋದು ಕಲಿಸಿದ್ದ, ಗಾಳಿ ನೋಡೋದು ಕಲಿಸಿದ್ದ, ನೀರಿನ ಲೆಕ್ಕ ಕಲಿಸಿದ್ದ. ಮೂರೂ ಬೇರೆ ಬೇರೆ ಮಾತು ಹೇಳಿದಾಗ ಯಾವುದನ್ನ ನಂಬೋದು ಅನ್ನೋದನ್ನ ಮಾತ್ರ ಕಲಿಸಿರ್ಲಿಲ್ಲ, ಅದನ್ನ ಯಾವಾಗ್ಲೂ ಅವನೇ ಮಾಡ್ತಿದ್ದ. ಹುಡುಗಿಗೆ ತುಂಬಕ್ಕೆ ಇರೋ ಜಾಗ ಅದೊಂದೇ. ಎಲ್ಲಾ ಕಲಿಸಿ ಮುಗಿಸಿದ ಗುರು ಹೋದ್ರೂ ಇದ್ರೂ ಒಂದೇ, ಏನೂ ಕಲಿಸದವನು ಹೋದ್ರೆ ಶಿಷ್ಯೆ ಬರೀ ಅದೃಷ್ಟದಿಂದ ಗೆಲ್ತಾಳೆ. ಆ ಮದುವೆ ಮನೆ ಹುಡುಗನಿಗೆ ಪುಟದ ನಂಬರ್ ಬದ್ಲು ಇದನ್ನ ಹೇಳ್ಬೇಕಿತ್ತು, ಅಷ್ಟರಲ್ಲಿ ಯಾರೋ ಫೋಟೋಗೆ ಕರೆದ್ರು.

ಸಾಯಿಸದೆ ಪಿರಿಯಾಪಟ್ಟಣದ ಮಗಳ ಮನೆಗೆ ಕಳಿಸಿದ್ದೂ ಇದಕ್ಕೇ. ಸತ್ತಿದ್ರೆ ಹುಡುಗಿ ಅವನ ತಪ್ಪನ್ನ ಮರೆತು ಫೋಟೋಗೆ ಹಾರ ಹಾಕಿ, 'ಮೇಸ್ತ್ರಿ ಇದ್ದಿದ್ರೆ ಏನ್ ಹೇಳ್ತಿದ್ರು' ಅಂತ ಆಮೇಲೂ ಕೇಳ್ಕೊಂಡೇ ಇರ್ತಿದ್ಲು. ಬದುಕಿದ್ದಾನೆ, ಎರಡು ಗಂಟೆ ಬಸ್ಸು ಹತ್ತಿದ್ರೆ ಸಿಕ್ತಾನೆ, ಫೋನೂ ಇದೆ. ಆದ್ರೂ ಅವಳು ಆ ರಾತ್ರಿ ಫೋನ್ ಮಾಡದೆ ಮೇಲಿನ ನಾಲ್ಕೆಕರೆಗೆ ಪಂಪ್ ಇಡ್ತಾಳೆ.

ಇಪ್ಪತ್ತನೇ ಅಧ್ಯಾಯದಲ್ಲಿ ಅವನು ಬಾಕಿ ಸಂಬಳದ ಲೆಕ್ಕಕ್ಕೆ ಅಂತ ಒಂದು ದಿನ ಬರ್ತಾನೆ. ಮೇಲಿನ ತೋಟದಲ್ಲಿ ಒಂದು ಕೊಂಬೆ ಬಗ್ಗಿಸಿ ಕಾಯಿ ಕಟ್ಟಿರೋದನ್ನ ಎಣಿಸ್ತಾ "ಇಲ್ಲಿಗೆ ಯಾವಾಗ ನೀರು ಬಿಟ್ರಿ ಅಮ್ಮಾ?" ಅಂತಾನೆ. ಇಡೀ ಕಾದಂಬರೀಲಿ ಅವನು ಅವಳನ್ನ ಗೊತ್ತಿಲ್ಲದೆ ಕೇಳಿದ್ದು ಅದೊಂದೇ ಪ್ರಶ್ನೆ, ನಾನು ಅದಕ್ಕೂ ಕೆಂಪು ಪೆನ್ನಲ್ಲಿ ಗೆರೆ ಹಾಕಿದ್ದೀನಿ.