ಸಣ್ಣ ಮೀನಖಂಡ

ಬೆಳಿಗ್ಗೆ ಹಾಸನದ ಸ್ಟೇಡಿಯಂನಲ್ಲಿ ಇಬ್ಬರು ಹುಡುಗರು ಅಕ್ಕಪಕ್ಕ ಕೂತು ಶೂ ಕಟ್ಟಿಕೊಳ್ಳುತ್ತಿದ್ದರು. ಒಬ್ಬ 100 ಮೀಟರ್ ಓಡುವವನು, ತೊಡೆ ದಪ್ಪ. ಇನ್ನೊಬ್ಬ 5000 ಮೀಟರ್. ಅವನ ಮೀನಖಂಡ ಎಷ್ಟು ಸಣ್ಣ!

ಅದೇ ಅವನಿಗೆ ಲಾಭ. ಮೊಣಕಾಲಿನ ಕೆಳಗೆ ಭಾರ ಕಡಿಮೆಯಿದ್ದಷ್ಟೂ ಕಾಲು ಬೀಸಲು ಕಡಿಮೆ ಶಕ್ತಿ ಸಾಕು. ಅಷ್ಟು ದೂರಕ್ಕೆ ಸಾವಿರಾರು ಹೆಜ್ಜೆ ಅಲ್ವಾ?

ಸ್ನಾಯುವಿನ ಎಳೆಗಳೂ ಬೇರೆ. ದೂರದ ಓಟಗಾರರಲ್ಲಿ ನಿಧಾನದ ಎಳೆ ಜಾಸ್ತಿ. ಅವು ಆಮ್ಲಜನಕ ಬಳಸಿ, ಬೇಗ ದಣಿಯದೆ ದುಡಿಯುತ್ತವೆ. ಸ್ಪ್ರಿಂಟರ್‌ಗಳಲ್ಲಿ ವೇಗದ ಎಳೆ ಜಾಸ್ತಿ. ಥಟ್ಟನೆ ಬಲ ಕೊಡುತ್ತವೆ, ಬೇಗ ಸುಸ್ತಾಗುತ್ತವೆ. ತರಬೇತಿಯಿಂದ ವೇಗದ ಎಳೆಗೂ ಒಂದಷ್ಟು ತಾಳಿಕೆ ಬರುತ್ತದೆ. ನಿಧಾನದ್ದನ್ನು ವೇಗದ್ದಾಗಿಸುವುದು ಮಾತ್ರ ತುಂಬಾ ಕಷ್ಟ.

ಶಾಲೆಯ 100 ಮೀಟರ್‌ನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ದಯವಿಟ್ಟು ಸುಮ್ನೆ ಕೂರಿಸಬೇಡಿ. ಒಮ್ಮೆ 3000 ಮೀಟರ್ ಓಡಿಸಿ ನೋಡಿ.